ಡು ವಿರ್ಸ್ಟ್ ಉನ್ಸ್ ಫೇಲನ್: ಜರ್ಮನ್ ಕಚೇರಿಯ ಬೀಳ್ಕೊಡುಗೆ ಮಾತು

ಜರ್ಮನಿಯ ಕಚೇರಿಗಳಲ್ಲಿ ಕೆಲಸ ಬಿಟ್ಟು ಹೋಗುವವರೇ ಕೇಕು ತಂದು ಎಲ್ಲರಿಗೂ ಹಂಚುತ್ತಾರೆ. ಈ ಕೂಟಕ್ಕೆ ‘ಆಉಸ್‌ಶ್ಟಾಂಡ್’ ಎಂದು ಹೆಸರು. ಉಳಿದವರು ದುಡ್ಡು ಕೂಡಿಸಿ ಉಡುಗೊರೆ ತಂದಿರುತ್ತಾರೆ. ಅದನ್ನು ಕೈಗಿಡುವ ಮುನ್ನ ಒಬ್ಬರು ಎರಡು ಮೂರು ನಿಮಿಷ ಮಾತಾಡುವುದು ವಾಡಿಕೆ. ಅಲ್ಲಿ ಕೆಲಸಕ್ಕಿರುವ ಕನ್ನಡಿಗರೊಬ್ಬರಿಗೆ ಆ ಸರದಿ ಬಂತೆನ್ನಿ.

ಮೊದಲು ಸಂಬೋಧನೆ. ಜರ್ಮನ್‌ನಲ್ಲೂ ನಮ್ಮಂತೆ ನೀನು, ನೀವು ಉಂಟು: ‘ಡು’ ಮತ್ತು ‘ಜೀ’. ದಿನವೂ ‘ಜೀ’ ಎನ್ನುತ್ತಿದ್ದವರನ್ನು ಕೊನೆಯ ದಿನ ಸಲಿಗೆಯಿಂದ ‘ಡು’ ಎಂದರೆ ಕೇಳಿದವರಿಗೆ ಕಸಿವಿಸಿ. ದಿನನಿತ್ಯ ಹೇಗೋ ಹಾಗೆಯೇ ಕರೆಯಬೇಕು. ಹೆಸರಿನ ಹಿಂದೆ ಹೆಂಗಸರಿಗೆ ‘ಲೀಬೆ’, ಗಂಡಸರಿಗೆ ‘ಲೀಬರ್’ ಬರುತ್ತದೆ.

ನಿಜವಾದ ಎಡವಟ್ಟು ಆಗುವುದು ಹೊಗಳಿಕೆಯಲ್ಲಿ. ಅಲ್ಲಿ ಕೆಲಸ ಬಿಡುವ ನೌಕರರಿಗೆ ‘ಆರ್ಬೈಟ್ಸ್‌ತ್ಸೋಯಿಗ್ನಿಸ್’ ಎಂಬ ಲಿಖಿತ ಪ್ರಮಾಣಪತ್ರ ಪಡೆಯುವ ಹಕ್ಕಿದೆ. ಅದರ ಧಾಟಿ ಸದ್ಭಾವದ್ದೇ ಆಗಿರಬೇಕು. ಮುಂದಿನ ಕೆಲಸಕ್ಕೆ ಅಡ್ಡಿಯಾಗಬಾರದು. ಹೀಗಾಗಿ ಕುಂದುಗಳೂ ಹೊಗಳಿಕೆಯ ವೇಷದಲ್ಲೇ ಬರುತ್ತವೆ. ‘ಸದಾ ನಮಗೆ ಪರಿಪೂರ್ಣ ತೃಪ್ತಿಯಾಗುವಂತೆ’ ಎಂದು ಬರೆದಿದ್ದರೆ ಮೊದಲ ದರ್ಜೆ. ಬರೀ ‘ತೃಪ್ತಿಯಾಗುವಂತೆ’ ಎಂದಿದ್ದರೆ ಸಾಧಾರಣಕ್ಕಿಂತಲೂ ಕೆಳಗೆ. ‘ಹಾಟ್ ಜಿಷ್ ಬೆಮ್ಯೂಟ್’, ಅಂದರೆ ‘ಪ್ರಯತ್ನ ಪಟ್ಟರು’ ಎಂದಿದ್ದರೆ, ಪ್ರಯತ್ನ ಕೈಗೂಡಲಿಲ್ಲ ಎಂದೇ ಓದುತ್ತಾರೆ. ‘ನೀವು ಸದಾ ಶ್ರಮಪಟ್ಟಿರಿ’ ಎಂದು ಕನ್ನಡದಲ್ಲಿ ಯೋಚಿಸಿ ಆ ಪದ ಹಿಡಿದರೆ, ತುಂಬು ಮನಸ್ಸಿನ ಮೆಚ್ಚುಗೆ ಚುಚ್ಚುಮಾತಾಗುತ್ತದೆ.

ಆದ್ದರಿಂದ ಗುಣವಾಚಕಗಳನ್ನು ಬಿಟ್ಟು ಒಂದು ನೆನಪನ್ನು ಹೇಳುವುದೇ ಲೇಸು. ‘ನಾನು ಇಲ್ಲಿ ಸೇರಿದ ಮೊದಲ ವಾರ, ಸಭೆಯಲ್ಲಿ ನನಗೆ ಅರ್ಧ ಮಾತೂ ತಿಳಿಯುತ್ತಿರಲಿಲ್ಲ. ನೀನು ಪಕ್ಕದಲ್ಲಿ ಕೂತು ಒಂದು ಚೀಟಿಯಲ್ಲಿ ಮುಖ್ಯ ಪದಗಳನ್ನು ಬರೆದು ನನ್ನತ್ತ ಸರಿಸಿದೆ. ಆ ಚೀಟಿ ಇನ್ನೂ ನನ್ನ ಡ್ರಾಯರಿನಲ್ಲಿದೆ.’ ಇಷ್ಟನ್ನು ಸಣ್ಣ ಸಣ್ಣ ಜರ್ಮನ್ ವಾಕ್ಯಗಳಲ್ಲಿ ಹೇಳಬಹುದು. ಏಕೆ ಬಿಡುತ್ತಿದ್ದಾರೆ, ಹೊಸ ಸಂಬಳ ಎಷ್ಟು, ಮೇಲಧಿಕಾರಿಯೊಂದಿಗೆ ಏನಾಗಿತ್ತು, ಇವು ಬೇಡ. ಅವರೇ ಎಲ್ಲರೆದುರು ಹೇಳದ ಕಾಯಿಲೆ, ಮನೆಯ ಸಂಗತಿಗಳೂ ಬೇಡ.

ಕೊನೆಗೆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು: ‘ಡು ವಿರ್ಸ್ಟ್ ಉನ್ಸ್ ಫೇಲನ್.’ ನೀನಿಲ್ಲದ ಕೊರತೆ ನಮ್ಮನ್ನು ಕಾಡುತ್ತದೆ ಎಂಬ ಭಾವ. ಇಲ್ಲಿ ಕರ್ತೃಸ್ಥಾನದಲ್ಲಿರುವುದು ಹೊರಟು ನಿಂತವರು. ಉಳಿದವರು ‘ನಮಗೆ’ ಎಂಬ ಚತುರ್ಥಿಯಲ್ಲಿ. ನಮಗೆ ಹಸಿವಾಯಿತು, ನಮಗೆ ನೆನಪಾಯಿತು ಎನ್ನುವ ಕನ್ನಡದ ಕಿವಿಗೆ ಈ ರಚನೆ ಬೇಗ ಒಗ್ಗುತ್ತದೆ. ‘ಜೀ’ ಎನ್ನುವವರಿಗೆ ‘ಜೀ ವೇರ್ಡನ್ ಉನ್ಸ್ ಫೇಲನ್’ ಎಂದರಾಯಿತು. ಅಷ್ಟು ಹೇಳಿ, ಲೋಟ ಎತ್ತಿ, ಅವರ ಕಣ್ಣನ್ನೇ ನೋಡುತ್ತ ಲೋಟಕ್ಕೆ ಲೋಟ ತಾಗಿಸಬೇಕು. ಆಮೇಲಿನ ಮಾತು ಅವರದು.