ಹೃದಯದ ನೆರಳಿನ ಹಿಂದೆ

ಎಂಬಿಬಿಎಸ್ ಹುಡುಗರಿಗೆ ಎದೆಯ ಎಕ್ಸ್-ರೇ ಕಲಿಸುವಾಗ ನಾನು ಮೊದಲು ತೋರಿಸುವ ಫಿಲ್ಮ್ ಒಂದಿದೆ. ಅರವತ್ತು ದಾಟಿದ, ಬಹುಕಾಲ ಬೀಡಿ ಸೇದಿದ ರೈತರೊಬ್ಬರು ಬೈಕಿನಿಂದ ಬಿದ್ದು ಬಂದಿದ್ದರು. ಬಲಗಡೆ ಒಂದು ಪಕ್ಕೆಲುಬು ಮುರಿದಿರುವುದು ಎದ್ದು ಕಾಣುತ್ತದೆ. ಹುಡುಗರು ಅದನ್ನು ಕಂಡುಹಿಡಿದ ಖುಷಿಯಲ್ಲಿ ಅಲ್ಲಿಗೇ ನಿಲ್ಲುತ್ತಾರೆ. ಒಂದು ದೋಷ ಸಿಕ್ಕಿದೊಡನೆ ಕಣ್ಣು ಹುಡುಕುವುದನ್ನು ಬಿಡುತ್ತದೆ. ಅದಕ್ಕೇ ಏನು ಸಿಕ್ಕರೂ ಬಿಡದ ಒಂದು ಕ್ರಮ ಬೇಕು.

ಮೊದಲು ಹೆಸರು, ದಿನಾಂಕ, ಎಡ-ಬಲದ ಗುರುತು. ಆಮೇಲೆ ಫಿಲ್ಮ್ ನಂಬಲರ್ಹವೇ ಎಂದು ನೋಡಬೇಕು. ಎರಡೂ ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿದ್ದರೆ ರೋಗಿ ತಿರುಗಿ ನಿಂತಿಲ್ಲ. ಮುಂಭಾಗದ ಸುಮಾರು 6 ಪಕ್ಕೆಲುಬುಗಳು ವಪೆಯ ಮೇಲೆ ಕಂಡರೆ ಉಸಿರು ಚೆನ್ನಾಗಿ ಎಳೆದುಕೊಂಡಿದ್ದಾರೆ. ಹೃದಯದ ನೆರಳಿನ ಹಿಂದೆ ಬೆನ್ನುಮೂಳೆ ಮಸುಕಾಗಿ ಕಂಡರೆ ಕಿರಣದ ಪ್ರಮಾಣ ಸರಿ.

ನಂತರ ಶ್ವಾಸನಾಳ, ಹೃದಯ, ವಪೆ, ಎರಡೂ ಶ್ವಾಸಕೋಶ, ಮೂಳೆಗಳು. ಇಷ್ಟಾದ ಮೇಲೆ ಕಣ್ಣು ತಪ್ಪುವ ಮೂಲೆಗಳಿಗೆ ಮತ್ತೆ ಬರಬೇಕು: ಕೊರಳೆಲುಬಿನ ಮೇಲಿರುವ ಶ್ವಾಸಕೋಶದ ತುದಿ, ರಕ್ತನಾಳಗಳು ಶ್ವಾಸಕೋಶದೊಳಗೆ ಹೋಗುವ ಹೈಲಮ್, ವಪೆಯ ಕೆಳಗೆ, ಹೃದಯದ ಹಿಂದೆ.

ಆ ರೈತರ ರೋಗ ಇದ್ದದ್ದು ಈ ಕೊನೆಯ ಜಾಗದಲ್ಲಿ. ಎಕ್ಸ್-ರೇಯಲ್ಲಿ ಗಾಳಿ ಕಪ್ಪು, ಹೃದಯ ಮತ್ತು ವಪೆ ಬೆಳ್ಳಗೆ. ಗಾಳಿ ತುಂಬಿದ ಶ್ವಾಸಕೋಶ ಪಕ್ಕದಲ್ಲಿರುವುದರಿಂದಲೇ ವಪೆಯ ಅಂಚು ಕಾಣುತ್ತದೆ; ಗಾಳಿ ಹೋದರೆ ಅಂಚು ಅಳಿಸಿಹೋಗುತ್ತದೆ. ಒಳ್ಳೆಯ ಫಿಲ್ಮಿನಲ್ಲಿ ಎಡ ವಪೆಯ ಗೆರೆಯನ್ನು ಹೃದಯದ ನೆರಳಿನೊಳಗೂ ಬೆನ್ನುಮೂಳೆಯ ಕಡೆಗೆ ಹಿಂಬಾಲಿಸಬಹುದು. ಇಲ್ಲಿ ಆ ಗೆರೆ ನಡುವೆಯೇ ಕಳೆದುಹೋಗಿತ್ತು. ಹೃದಯದ ಹಿಂದೆ ತ್ರಿಕೋನಾಕಾರದ ಬಿಳುಪು, ಹಾಯಿಯ ಹಾಗೆ. ಸಾಮಾನ್ಯವಾಗಿ ಬಲಕ್ಕಿಂತ ತುಸು ಮೇಲಿರುವ ಎಡ ಹೈಲಮ್ ಕೆಳಕ್ಕೆ ಜಗ್ಗಿತ್ತು. ಮೂರೂ ಒಟ್ಟಾದರೆ, ಎಡ ಶ್ವಾಸಕೋಶದ ಕೆಳಹಾಲೆ ಕುಸಿದಿದೆ ಎಂದರ್ಥ.

ಹಾಲೆಗೆ ಗಾಳಿ ಒಯ್ಯುವ ಕೊಳವೆ ಮುಚ್ಚಿಕೊಂಡರೆ ಒಳಗಿದ್ದ ಗಾಳಿ ಹೀರಿಹೋಗಿ ಹಾಲೆ ಮುದುಡುತ್ತದೆ. ಚಿಕ್ಕ ಮಗುವಿನಲ್ಲಿ ಅಲ್ಲಿ ಕಡಲೆಬೀಜ ಸಿಕ್ಕಿರಬಹುದು, ಐಸಿಯುವಿನಲ್ಲಿರುವವರಿಗೆ ಕಫ ಕಟ್ಟಿರಬಹುದು. ಬೀಡಿ ಸೇದುವ ಹಿರಿಯರಲ್ಲಿ ಗೆಡ್ಡೆಯ ಶಂಕೆ ಮೊದಲು ಬರಬೇಕು. ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ ಮಾಡಿಸಿದಾಗ ಇವರಲ್ಲಿ ಕಂಡದ್ದೂ ಗೆಡ್ಡೆಯೇ.

ಇದೇ ಬಿಳುಪು ಹಾಸಿಗೆಯಲ್ಲಿ ಮಲಗಿಸಿ ತೆಗೆದ ಫಿಲ್ಮಿನಲ್ಲಿ ಕಂಡಿದ್ದರೆ ನಾನು ಅಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ. ಅಲ್ಲಿ ಉಸಿರು ಪೂರ್ತಿ ತುಂಬಿರುವುದಿಲ್ಲ, ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಶ್ವಾಸಕೋಶದ ಕೆಳಭಾಗ ಸುಮ್ಮನೆಯೂ ಬೆಳ್ಳಗಿರುತ್ತದೆ. ಆಗ ಪಕ್ಕದಿಂದ ತೆಗೆದ ಫಿಲ್ಮನ್ನೋ ರೋಗಿಯ ಹಳೆಯ ಎಕ್ಸ್-ರೇಯನ್ನೋ ಕೇಳಿ ತರಿಸುತ್ತೇನೆ.