ಸಿಸ್ಟಮ್‌ನಲ್ಲಿ 48, ರ‍್ಯಾಕ್‌ನಲ್ಲಿ 36: ಗೋದಾಮಿನ ಮ್ಯಾನೇಜರ್ ಓದುವಂಥ ವೈಟ್‌ಪೇಪರ್‌ಗೆ ಮೊದಲ ಸಾಲುಗಳು

ನೆಲಮಂಗಲ, ಹೊಸಕೋಟೆ ಕಡೆಯ ಗೋದಾಮಿನ ಮ್ಯಾನೇಜರ್‌ಗೆ ಸಾಫ್ಟ್‌ವೇರ್ ಕಂಪನಿಯ ವೈಟ್‌ಪೇಪರ್ ತಲುಪುವುದು ಹೆಚ್ಚಾಗಿ ಫೋನಿನಲ್ಲೇ. ಒಂದು ಲಾರಿ ಹೊರಟು ಇನ್ನೊಂದು ಬರುವಷ್ಟರಲ್ಲಿ ಅವರು ತೆರೆದು ನೋಡುತ್ತಾರೆ. ಪರದೆಯ ಮೇಲೆ ಆಗ ಕಾಣುವುದು ಶೀರ್ಷಿಕೆ ಮತ್ತು ನಾಲ್ಕೈದು ಸಾಲು. ಮುಂದಿನ ಪುಟಗಳನ್ನು ಓದುತ್ತಾರೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

‘ಡಿಜಿಟಲ್ ಯುಗದಲ್ಲಿ ಗೋದಾಮು ನಿರ್ವಹಣೆಯ ಭವಿಷ್ಯ’ ಎಂಬಂಥ ಶೀರ್ಷಿಕೆ ಸೋಲುವುದಕ್ಕೆ ಕಾರಣ ಸರಳ. ಪ್ರತಿಸ್ಪರ್ಧಿ ಕಂಪನಿಯ ಹೆಸರು ಹಾಕಿದರೂ ಅದು ಹಾಗೇ ಹೊಂದುತ್ತದೆ. ಬರೆಯುವವರು ಸಾಫ್ಟ್‌ವೇರ್‌ನಿಂದ ಶುರುಮಾಡಿದಾಗ ಹೀಗಾಗುತ್ತದೆ. ಶುರುಮಾಡಬೇಕಾದದ್ದು ಮ್ಯಾನೇಜರ್‌ಗೆ ದಿನವೂ ಬೈಗುಳ ತರುವ ಒಂದು ತೊಂದರೆಯಿಂದ. ಒಂದೇ ಸಾಕು, ಎರಡು ಬೇಡ.

ಸ್ಟಾಕ್ ತಾಳೆಯಾಗದ ತೊಂದರೆಯನ್ನೇ ತೆಗೆದುಕೊಳ್ಳೋಣ. ಸಿಸ್ಟಮ್ ಪ್ರಕಾರ ಒಂದು ಬಿನ್‌ನಲ್ಲಿ 48 ಪೀಸ್ ಇದೆ, ಪಿಕ್ಕರ್ ಹೋಗಿ ನೋಡಿದರೆ 36. ಆರ್ಡರ್ ಶಾರ್ಟ್ ಆಯಿತು, ಲಾರಿ ನಿಂತಿತು. ಈ ಮಾಲಿನ ಬಾಕ್ಸ್ 12 ಪೀಸಿನದು ಎಂದು ಗೊತ್ತಿದ್ದವರಿಗೆ ವ್ಯತ್ಯಾಸವೇ ಸುಳಿವು ಕೊಡುತ್ತದೆ. ಸರಿಯಾಗಿ ಒಂದು ಬಾಕ್ಸ್ ಕಾಣೆಯಾಗಿದೆ ಎಂದರೆ ಪಿಕ್ಕರ್ ಎಣಿಸುವಾಗ ತಪ್ಪಿರುವ ಸಾಧ್ಯತೆ ಕಡಿಮೆ. ಇನ್‌ವರ್ಡ್‌ನಲ್ಲಿ ಒಂದು ಬಾಕ್ಸ್ ಹೆಚ್ಚು ಬರೆದಿರಬಹುದು, ಇಲ್ಲವೇ ಅದು ಪಕ್ಕದ ಬಿನ್ ಸೇರಿರಬಹುದು. ವ್ಯತ್ಯಾಸ ಒಂದೋ ಎರಡೋ ಪೀಸಿನದಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಿಡಿ ಪೀಸ್ ಪಿಕ್ಕಿಂಗನ್ನು. ರ‍್ಯಾಕ್ ಮುಂದೆ ನಿಂತವರಿಗೆ ಅರ್ಥವಾಗುವ ಇಂಥ ಮಾತೇ ಶೀರ್ಷಿಕೆಗೆ ಸರಕು:

‘ಸಿಸ್ಟಮ್‌ನಲ್ಲಿ 48, ರ‍್ಯಾಕ್‌ನಲ್ಲಿ 36: ಸ್ಟಾಕ್ ಎಲ್ಲಿ ತಪ್ಪಿತೆಂದು ವ್ಯತ್ಯಾಸದಿಂದಲೇ ಪತ್ತೆ ಮಾಡುವುದು ಹೇಗೆ’

ಮೊದಲ ಭಾಗ ಓದುಗರು ಕಂಡ ದೃಶ್ಯ, ಎರಡನೆಯದು ವೈಟ್‌ಪೇಪರ್ ಕೊಡುವ ವಸ್ತು. ಕಂಪನಿಯ ಹೆಸರಿಲ್ಲ, ಶೇಕಡಾವಾರು ಲಾಭದ ಮಾತಿಲ್ಲ. ‘ಶೇ 30 ಉಳಿತಾಯ’ ಎಂದು ಬರೆದರೆ ಯಾವುದರಲ್ಲಿ, ಯಾವ ಗೋದಾಮಿನಲ್ಲಿ, ಎಷ್ಟು ತಿಂಗಳಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಶೀರ್ಷಿಕೆಯಲ್ಲಿ ಜಾಗವಿಲ್ಲ.

ಇನ್ನು ಆರಂಭದ ಸಾಲುಗಳು. ‘ಇಂದಿನ ಸ್ಪರ್ಧಾತ್ಮಕ ಜಗತ್ತಿನಲ್ಲಿ’ ಎಂದು ತೊಡಗುವ ವಾಕ್ಯವನ್ನು ಅಳಿಸಿ, ಹೀಗೆ ಬರೆಯಬಹುದು:

‘ಸಂಜೆಯ ಲಾರಿಗೆ ಲೋಡಿಂಗ್ ನಡೆದಿರುವಾಗ ಒಂದು ಬಿನ್ ಶಾರ್ಟ್ ಬರುತ್ತದೆ. ಮತ್ತೆ ಎಣಿಸಿ, ಸಿಸ್ಟಮ್‌ನ ಸಂಖ್ಯೆ ತಿದ್ದಿ, ಲಾರಿ ಕಳಿಸುತ್ತೀರಿ. ಲೆಕ್ಕ ಸರಿಹೋಯಿತು, ಆದರೆ ತಪ್ಪು ಹುಟ್ಟಿದ ಜಾಗ ಹಾಗೇ ಉಳಿಯಿತು. ಮುಂದಿನ ವಾರ ಇನ್ನೊಂದು ಬಿನ್‌ನಲ್ಲಿ ಅದೇ ಆಗುತ್ತದೆ. ಶಾರ್ಟ್ ಬಂದ ಪ್ರತಿ ಬಿನ್‌ನ ವ್ಯತ್ಯಾಸವನ್ನು ಬಾಕ್ಸಿನ ಪೀಸ್ ಸಂಖ್ಯೆಯೊಂದಿಗೆ ಹೋಲಿಸಿ ಮೂಲ ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ನಿಮ್ಮ ಸೈಕಲ್ ಕೌಂಟ್ ಹಾಳೆ ಸಾಕು.’

ಮೂರನೆಯ ವಾಕ್ಯವೇ ಇಲ್ಲಿನ ಜೀವ. ಮ್ಯಾನೇಜರ್ ಈಗ ಮಾಡುತ್ತಿರುವ ಪರಿಹಾರ ಏಕೆ ಸಾಲದು ಎಂದು ಅದು ಹೇಳುತ್ತದೆ, ಅವರನ್ನು ದೂರದೆ. ಕೊನೆಯ ವಾಕ್ಯ ಮಾರಾಟ ವಿಭಾಗಕ್ಕೆ ಹಿಡಿಸಲಿಕ್ಕಿಲ್ಲ. ಆದರೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ: ಕೊಳ್ಳದೆಯೂ ಉಪಯೋಗವಾಗುವ ವೈಟ್‌ಪೇಪರನ್ನು ಮ್ಯಾನೇಜರ್ ಇಟ್ಟುಕೊಳ್ಳುತ್ತಾರೆ, ಮಾಲೀಕರಿಗೂ ಕಳಿಸುತ್ತಾರೆ.

ಮಾಲೀಕರು ಮತ್ತು ಅಕೌಂಟ್ಸ್‌ನವರು ಓದುವಾಗ ಒಂದು ತೊಡಕಿದೆ. ವರ್ಷಾಂತ್ಯದಲ್ಲಿ ಅವರು ನೋಡುವುದು ಒಟ್ಟು ಮೌಲ್ಯವನ್ನು. ಒಂದು ಬಿನ್‌ನಲ್ಲಿ ಹೆಚ್ಚಿದ್ದು ಇನ್ನೊಂದರಲ್ಲಿ ಕಡಿಮೆಯಾದದ್ದನ್ನು ಮುಚ್ಚಿಹಾಕುವುದರಿಂದ ಮೌಲ್ಯದ ಲೆಕ್ಕ ಬಹುತೇಕ ಸರಿಯಾಗೇ ಕಾಣುತ್ತದೆ. ಬಿನ್ ಲೆಕ್ಕ ಬೇರೆ: 200 ಬಿನ್ ಎಣಿಸಿ 184 ತಾಳೆಯಾದರೆ ನಿಖರತೆ ಶೇ 92 ಮಾತ್ರ. ಆರಂಭದ ಸಾಲುಗಳಲ್ಲಿ ‘ಸ್ಟಾಕ್ ನಿಖರತೆ’ ಎಂಬ ಮಾತು ಬಳಸುವುದಾದರೆ ಯಾವ ಲೆಕ್ಕದ್ದು ಎಂದು ಅಲ್ಲೇ ಹೇಳಿಬಿಡಬೇಕು. ಇಲ್ಲವಾದರೆ ‘ನಮ್ಮದು ಸರಿಯಾಗಿದೆಯಲ್ಲ’ ಎಂದು ಮಾಲೀಕರು ಅದನ್ನು ಬದಿಗಿಡುತ್ತಾರೆ.

ಮಿತಿಯನ್ನೂ ಮೊದಲ ಪುಟದಲ್ಲೇ ಬರೆಯಬೇಕು. ಎತ್ತರದ ರ‍್ಯಾಕ್‌ಗಳ ನಡುವೆ ವೈಫೈ ಸಿಗದೆ, ಹುಡುಗರು ಮಾಲಿಟ್ಟು ಆಮೇಲೆ ಸ್ಕ್ಯಾನ್ ಮಾಡುವ ಗೋದಾಮಿನಲ್ಲಿ ಯಾವ ಸಾಫ್ಟ್‌ವೇರ್ ತಂದರೂ ಬಾಕ್ಸ್ ತಪ್ಪು ಬಿನ್ ಸೇರುವುದು ನಿಲ್ಲುವುದಿಲ್ಲ. ಅಂಥವರಿಗೆ ‘ಮೊದಲು ನೆಟ್‌ವರ್ಕ್ ಸರಿಮಾಡಿಸಿ’ ಎಂದು ಒಂದು ಸಾಲು ಬರೆದರೆ ಉಳಿದ ಪುಟಗಳ ಮಾತಿಗೆ ನಂಬಿಕೆ ಬರುತ್ತದೆ.

ಅಚ್ಚಿಗೆ ಕೊಡುವ ಮುನ್ನ ಶೀರ್ಷಿಕೆ ಮತ್ತು ಆರಂಭದ ಸಾಲುಗಳನ್ನು ಯಾವುದಾದರೂ ಗೋದಾಮಿನ ಇನ್‌ವರ್ಡ್ ಸೂಪರ್‌ವೈಸರ್‌ಗೆ ಓದಿಹೇಳಿ, ಒಳಗೆ ಏನಿರಬಹುದು ಎಂದು ಕೇಳಿ. ‘ಶಾರ್ಟ್ ಯಾಕೆ ಬರುತ್ತೆ ಅಂತ ಹೇಳ್ತಾರೇನೋ ಸಾರ್’ ಎಂದರೆ ಸರಿಯಿದೆ. ‘ಯಾವುದೋ ಸಾಫ್ಟ್‌ವೇರ್ ವಿಷಯ’ ಎಂದರೆ ಮತ್ತೆ ಬರೆಯಬೇಕು.