ಪ್ಲೇಲಿಸ್ಟ್‌ನಲ್ಲಿ ಹಾಡು ಮಸುಕಾಗುವುದು ಯಾಕೆ?

ಅಮೆರಿಕದಲ್ಲಿರುವ ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪ್ಲೇಲಿಸ್ಟ್‌ನ ಲಿಂಕ್ ಕಳಿಸಿದ್ದಾಳೆ. ತೆರೆದು ನೋಡಿದರೆ ಮೂವತ್ತು ಹಾಡುಗಳಲ್ಲಿ ಆರು ಮಸುಕಾಗಿ ಕೂತಿವೆ. ಒತ್ತಿದರೆ ಹಾಡುವುದಿಲ್ಲ. ಅವಳಿಗೆ ಫೋನ್ ಮಾಡಿದರೆ, "ಇಲ್ಲಿ ಎಲ್ಲಾ ಹಾಡ್ತಿದೆಯಲ್ಲೋ" ಅನ್ನುತ್ತಾಳೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಒಬ್ಬರು ವೈರಸ್ ಎನ್ನುತ್ತಾರೆ, ಇನ್ನೊಬ್ಬರು ಸರ್ಕಾರ ಆ ಹಾಡನ್ನು ಬ್ಯಾನ್ ಮಾಡಿದೆ ಎನ್ನುತ್ತಾರೆ, ಮೂರನೆಯವರು "ಈ ಆ್ಯಪ್ ಹಾಕಿಕೊಳ್ಳಿ, ಎಲ್ಲಾ ಹಾಡು ಓಪನ್ ಆಗುತ್ತೆ" ಎಂಬ ಫಾರ್ವರ್ಡ್ ಹಾಕುತ್ತಾರೆ.

ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಸರ್ಕಾರದ ಕೈವಾಡ ಇರುವುದೂ ಬಹಳ ಅಪರೂಪ. ಹಾಡು ಮಸುಕಾಗುವ ಕಾರಣ ಹೆಚ್ಚಾಗಿ ಒಂದು ಒಪ್ಪಂದದ ಕಾಗದದಲ್ಲಿರುತ್ತದೆ. ಮೂರನೆಯವರ ಆ್ಯಪ್ ಲಿಂಕಿನ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ತಿಳಿಯಬೇಕಾದ್ದು, ನಾವು "ಒಂದು ಹಾಡು" ಎನ್ನುವುದು ಕಾನೂನಿನ ಕಣ್ಣಿಗೆ ಎರಡು ವಸ್ತು. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು. ಅದನ್ನು ಸ್ಟುಡಿಯೋದಲ್ಲಿ ಹಾಡಿ, ನುಡಿಸಿ ಮಾಡಿದ ಧ್ವನಿಮುದ್ರಣ ಇನ್ನೊಂದು. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಆಡಿಯೋ ಕಂಪನಿಯ ಬಳಿ ಇರುತ್ತದೆ. ಸಾಹಿತ್ಯ-ಸಂಗೀತದ ಹಕ್ಕು ಬರೆದವರ ಬಳಿಯೋ, ಅವರ ಪರವಾಗಿ ವ್ಯವಹರಿಸುವ ಪಬ್ಲಿಷಿಂಗ್ ಕಂಪನಿಯ ಬಳಿಯೋ ಇರುತ್ತದೆ. ನಮ್ಮ ಸಿನಿಮಾ ಹಾಡುಗಳಲ್ಲಿ ನಿರ್ಮಾಪಕರು ಬಹುತೇಕ ಎರಡನ್ನೂ ಸೇರಿಸಿ ಆಡಿಯೋ ಕಂಪನಿಗೆ ಕೊಡುವ ವಾಡಿಕೆ ಇದ್ದುದರಿಂದ ನಮಗೆ ಈ ವ್ಯತ್ಯಾಸ ಕಾಣುವುದಿಲ್ಲ. ಇಂಗ್ಲಿಷ್ ಹಾಡುಗಳಲ್ಲಿ ಹಾಗಲ್ಲ. ಒಂದು ಹಾಡನ್ನು ನಾಲ್ಕು ಜನ ಸೇರಿ ಬರೆದಿದ್ದರೆ ಅವರ ಪಾಲು ನಾಲ್ಕು ಬೇರೆ ಬೇರೆ ಕಂಪನಿಗಳ ಕೈಯಲ್ಲಿರಬಹುದು. ಆ್ಯಪ್ ನಮಗೆ ಆ ಹಾಡು ಕೇಳಿಸಬೇಕಾದರೆ ಎರಡೂ ಕಡೆಯಿಂದ ಅನುಮತಿ ಬೇಕು. ಒಂದು ಕಡೆ ಕೈಕೊಟ್ಟರೂ ಹಾಡು ನಿಂತಿತು.

ಇದಕ್ಕೆ ಒಳ್ಳೆಯ ಉದಾಹರಣೆ 2024ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದಲ್ಲಿ ಸಿಕ್ಕಿತು. ಅಡೆಲ್, ನಿರ್ವಾಣ, ಗ್ರೀನ್ ಡೇ ಮುಂತಾದವರ ಎಷ್ಟೋ ವಿಡಿಯೋಗಳು ಅಲ್ಲಿ ಯೂಟ್ಯೂಬ್‌ನಲ್ಲಿ ಇದ್ದಕ್ಕಿದ್ದಂತೆ ನಿಂತುಹೋದವು. ಆಡಿಯೋ ಕಂಪನಿಗಳ ಜೊತೆ ಯೂಟ್ಯೂಬ್‌ಗೆ ಯಾವ ಜಗಳವೂ ಇರಲಿಲ್ಲ. ಹಾಡು ಬರೆದವರ ಪರವಾಗಿ ಶುಲ್ಕ ಸಂಗ್ರಹಿಸುವ ಸೆಸ್ಯಾಕ್ ಎಂಬ ಸಂಸ್ಥೆಯ ಜೊತೆ ಒಪ್ಪಂದ ನವೀಕರಣವಾಗಿರಲಿಲ್ಲ, ಅಷ್ಟೆ. ಆ ಸಂಸ್ಥೆಯ ಅಧಿಕಾರ ಅಮೆರಿಕಕ್ಕೆ ಸೀಮಿತವಾದ್ದರಿಂದ ಬೆಂಗಳೂರಿನಲ್ಲಿ ಕೂತವರು ಅದೇ ವಿಡಿಯೋವನ್ನು ಆರಾಮಾಗಿ ನೋಡುತ್ತಿದ್ದರು. ಕೆಲವೇ ದಿನಗಳಲ್ಲಿ ಮಾತುಕತೆ ಮುಗಿದು ಹಾಡುಗಳು ವಾಪಸ್ ಬಂದವು.

ಈಗ ನಮ್ಮ ದೇಶದ್ದೇ ಕಥೆ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿ ಕೊನೆಯಲ್ಲಿ. ಬಂದ ದಿನವೇ ಅದರಲ್ಲಿ ಒಂದು ದೊಡ್ಡ ಖಾಲಿ ಜಾಗ ಇತ್ತು: ವಾರ್ನರ್ ಮ್ಯೂಸಿಕ್ ಕಂಪನಿಯ ಹಾಡುಗಳು. ಎಡ್ ಶೀರನ್, ಕೋಲ್ಡ್‌ಪ್ಲೇ, ಲೆಡ್ ಜೆಪ್ಪೆಲಿನ್ ಎಲ್ಲರೂ ಆ ಕಂಪನಿಯವರೇ. ಲಂಡನ್ನಿನಲ್ಲಿ, ನ್ಯೂಯಾರ್ಕ್‌ನಲ್ಲಿ ಅದೇ ಸ್ಪಾಟಿಫೈನಲ್ಲಿ ಅವರ ಹಾಡುಗಳು ಸಿಗುತ್ತಿದ್ದವು. ಇಲ್ಲಿ ಇಲ್ಲ. ಆದರೆ ಅದೇ ಫೋನಿನಲ್ಲಿ ಯೂಟ್ಯೂಬ್ ತೆರೆದರೆ ಎಡ್ ಶೀರನ್ ಹಾಡುತ್ತಿದ್ದ! ಹಾಡು ಭಾರತದಲ್ಲಿ "ಬ್ಯಾನ್" ಆಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಪ್ಪಂದ ಆಗುವುದು ಒಂದು ಆ್ಯಪ್ ಮತ್ತು ಒಬ್ಬ ಹಕ್ಕುದಾರರ ನಡುವೆ, ಒಂದು ದೇಶಕ್ಕೆ ಅಥವಾ ಕೆಲವು ದೇಶಗಳಿಗೆ, ಇಂತಿಷ್ಟು ಅವಧಿಗೆ. ವಾರ್ನರ್ ಮತ್ತು ಸ್ಪಾಟಿಫೈ ನಡುವೆ ಬೇರೆ ದೇಶಗಳಿಗೆ ಒಪ್ಪಂದ ಇತ್ತು, ಭಾರತಕ್ಕೆ ಆಗಿರಲಿಲ್ಲ.

ಯಾಕೆ ಭಾರತಕ್ಕೆ ಬೇರೆಯೇ ಮಾತುಕತೆ? ದುಡ್ಡಿನ ಲೆಕ್ಕ ನೋಡಿ. ಆಗ ಅಮೆರಿಕದಲ್ಲಿ ತಿಂಗಳ ಚಂದಾ 9.99 ಡಾಲರ್, ಅಂದಿನ ದರದಲ್ಲಿ ಸುಮಾರು 700 ರೂಪಾಯಿ. ಭಾರತದಲ್ಲಿ ಅದೇ ಸೇವೆಗೆ 119 ರೂಪಾಯಿ. ಹಕ್ಕುದಾರರಿಗೆ ಸಿಗುವುದು ಮುಖ್ಯವಾಗಿ ಆಯಾ ದೇಶದ ಆದಾಯದಲ್ಲಿ ಒಂದು ಪಾಲು. ಅಂದರೆ ಒಂದೇ ಹಾಡನ್ನು ಇಲ್ಲಿ ಕೇಳಿದರೆ ಬರುವ ಹಣಕ್ಕೂ ಅಲ್ಲಿ ಕೇಳಿದರೆ ಬರುವ ಹಣಕ್ಕೂ ಭಾರೀ ಅಂತರ. ದುಡ್ಡು ಕೊಡದೆ ಜಾಹೀರಾತಿನ ಜೊತೆ ಕೇಳುವವರೇ ಹೆಚ್ಚಿರುವ ದೇಶದಲ್ಲಂತೂ ಆ ಪಾಲು ಇನ್ನೂ ಸಣ್ಣದು. ಹಾಗಾಗಿ ಯಾವ ಕಂಪನಿಯೂ "ಇಡೀ ಜಗತ್ತಿಗೆ ಒಂದೇ ರೇಟು" ಎಂದು ಸುಲಭಕ್ಕೆ ಸಹಿ ಹಾಕುವುದಿಲ್ಲ. ಕೇಳುಗರಾದ ನಮಗೆ ಇದು ಕಿರಿಕಿರಿಯೇ ಹೌದು. ಆದರೆ ದೇಶಕ್ಕೊಂದು ದರ ಇರುವುದರಿಂದಲೇ ನಮಗೆ 119 ರೂಪಾಯಿಗೆ ಸಿಕ್ಕಿತು ಎಂಬುದನ್ನೂ ಮರೆಯುವಂತಿಲ್ಲ.

ಆ ಜಗಳ ಬಾಂಬೆ ಹೈಕೋರ್ಟಿಗೂ ಹೋಯಿತು. ವಾರ್ನರ್‌ನ ಪಬ್ಲಿಷಿಂಗ್ ವಿಭಾಗ ತನ್ನ ಸಾಹಿತ್ಯ-ಸಂಗೀತ ಬಳಸದಂತೆ ತಡೆ ಕೇಳಿತು. ಸ್ಪಾಟಿಫೈ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 31ಡಿ ಕಲಂ ಹಿಡಿದುಕೊಂಡಿತು. 2012ರ ತಿದ್ದುಪಡಿಯಲ್ಲಿ ಸೇರಿದ ಈ ಕಲಂ ಪ್ರಕಾರ ಪ್ರಸಾರ ಸಂಸ್ಥೆಯೊಂದು ಮುಂಚಿತವಾಗಿ ನೋಟಿಸ್ ಕೊಟ್ಟು, ನಿಗದಿಯಾದ ಶುಲ್ಕ ಕಟ್ಟಿದರೆ ಹಕ್ಕುದಾರರ ಒಪ್ಪಿಗೆ ಇಲ್ಲದೆಯೂ ಹಾಡು ಹಾಕಬಹುದು. ಎಫ್‌ಎಂ ರೇಡಿಯೋದವರಿಗೆ ಇದು ಗೊತ್ತಿರುವ ದಾರಿ. ಇಂಟರ್ನೆಟ್ ಆ್ಯಪ್‌ಗಳಿಗೂ ಅದು ಅನ್ವಯಿಸುತ್ತದೆಯೇ ಎಂಬುದೇ ಪ್ರಶ್ನೆ. ಅದೇ ವರ್ಷ ಏಪ್ರಿಲ್‌ನಲ್ಲಿ, ಟಿಪ್ಸ್ ಮತ್ತು ವಿಂಕ್ ನಡುವಿನ ಬೇರೊಂದು ಪ್ರಕರಣದಲ್ಲಿ, ಅದೇ ಹೈಕೋರ್ಟ್ ಇಲ್ಲ ಎಂದಿತು: 31ಡಿ ಇರುವುದು ರೇಡಿಯೋ ಮತ್ತು ಟಿವಿಗೆ, ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಅಲ್ಲ. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಆ್ಯಪ್‌ಗಳಿಗೆ ಉಳಿದದ್ದು ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳುವ ದಾರಿ. ವಾರ್ನರ್ ಮತ್ತು ಸ್ಪಾಟಿಫೈ 2020ರ ಏಪ್ರಿಲ್‌ನಲ್ಲಿ ಭಾರತವನ್ನೂ ಸೇರಿಸಿ ಒಪ್ಪಂದ ಮಾಡಿಕೊಂಡವು. ಒಂದು ವರ್ಷಕ್ಕೂ ಹೆಚ್ಚು ಕಾಲ ಇಲ್ಲದ ಹಾಡುಗಳು ಆಗ ಬಂದವು. ಕೇಳುಗರು ತಮ್ಮ ಫೋನಿನಲ್ಲಿ ಏನೂ ಮಾಡಬೇಕಾಗಿ ಬರಲಿಲ್ಲ.

ಸರಿ, ನಾವು ಯಾವ ದೇಶದಲ್ಲಿದ್ದೇವೆ ಎಂದು ಹಾಡಿಗೆ ಹೇಗೆ ಗೊತ್ತಾಗುತ್ತದೆ? ಆಡಿಯೋ ಕಂಪನಿ ಹಾಡಿನ ಫೈಲ್ ಕಳಿಸುವಾಗ ಜೊತೆಗೆ ಒಂದು ವಿವರಪಟ್ಟಿಯನ್ನೂ ಕಳಿಸುತ್ತದೆ. ಅದರಲ್ಲಿ ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ, ಒಂಥರಾ ಹಾಡಿನ ಆಧಾರ್ ನಂಬರ್. ಯಾವ ಯಾವ ದೇಶದಲ್ಲಿ ಕೇಳಿಸಬಹುದು ಎಂಬುದು ಎರಡಕ್ಷರದ ಸಂಕೇತಗಳಲ್ಲಿರುತ್ತದೆ: ಭಾರತಕ್ಕೆ IN, ಅಮೆರಿಕಕ್ಕೆ US, ದುಬೈ ಇರುವ ಯುಎಇಗೆ AE. ನಿಮ್ಮ ಖಾತೆಯ ದೇಶ ಆ ಪಟ್ಟಿಯಲ್ಲಿದ್ದರೆ ಹಾಡುತ್ತದೆ, ಇಲ್ಲದಿದ್ದರೆ ಮಸುಕಾಗುತ್ತದೆ. ಇಷ್ಟೇ ಯಂತ್ರ.

ಈ ಪಟ್ಟಿ ಅಳಿಸಲಾಗದ ಶಾಸನವೇನಲ್ಲ. ಒಪ್ಪಂದದ ಅವಧಿ ಮುಗಿದ ದಿನ ಬದಲಾಗುತ್ತದೆ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಜೊತೆಗಿನ ಒಪ್ಪಂದ ಮುಂದುವರಿಯದೆ, ಸ್ಪಾಟಿಫೈನಲ್ಲಿ ಎಷ್ಟೋ ಜನರ ಹಿಂದಿ ಪ್ಲೇಲಿಸ್ಟ್‌ಗಳಲ್ಲಿ ಹಾಡುಗಳು ಒಮ್ಮೆಗೇ ಮಸುಕಾದವು. "ಡೌನ್‌ಲೋಡ್ ಮಾಡಿಟ್ಟಿದ್ದೆನಲ್ಲಾ, ಅದೂ ಹೋಯಿತೇ?" ಎಂದು ಕೇಳುವವರಿದ್ದಾರೆ. ಹೋಗುತ್ತದೆ. ಆ್ಯಪ್‌ನೊಳಗಿನ ಡೌನ್‌ಲೋಡ್ ಕ್ಯಾಸೆಟ್ ಕೊಂಡಂತಲ್ಲ. ಅದು ಬೀಗ ಹಾಕಿದ ಫೈಲು, ಬೀಗದ ಕೈ ಆ್ಯಪ್‌ನವರ ಬಳಿ. ಸ್ಪಾಟಿಫೈ ಪ್ರೀಮಿಯಂ ಇದ್ದವರೂ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬರಲೇಬೇಕು ಎಂಬ ನಿಯಮ ಇರುವುದು, ಚಂದಾ ಮತ್ತು ಅನುಮತಿ ಇನ್ನೂ ಚಾಲ್ತಿಯಲ್ಲಿವೆಯೇ ಎಂದು ನೋಡಿಕೊಳ್ಳಲು.

ದೇಶ ಬದಲಿಸಿದವರಿಗೂ ಇದೇ ಲೆಕ್ಕ. ಸ್ಪಾಟಿಫೈನ ಉಚಿತ ಖಾತೆಯನ್ನು ಹೊರದೇಶದಲ್ಲಿ 14 ದಿನ ಬಳಸಬಹುದು, ಆಮೇಲೆ ಖಾತೆಯ ದೇಶ ಬದಲಿಸಿಕೊಳ್ಳಬೇಕು. ಚಂದಾ ಕಟ್ಟುವವರಿಗೆ ಈ ಮಿತಿ ಇಲ್ಲ. ಕೆಲಸಕ್ಕೆಂದು ಜರ್ಮನಿಗೋ ಮಸ್ಕತ್‌ಗೋ ಹೋದವರು ಖಾತೆಯ ದೇಶ ಬದಲಿಸಿದ ಮೇಲೆ ಕೆಲವು ಹಳೆಯ ಕನ್ನಡ ಹಾಡುಗಳು ಮಸುಕಾದರೆ ಗಾಬರಿ ಬೀಳಬೇಕಿಲ್ಲ. ಕ್ಯಾಸೆಟ್ ಕಾಲದ ಒಪ್ಪಂದದಲ್ಲಿ ಹೊರದೇಶದ ಹಕ್ಕು ಬೇರೆಯವರಿಗೆ ಹೋಗಿರಬಹುದು, ಅಥವಾ ಈಗ ಹಾಡನ್ನು ಏರಿಸಿದವರು ಭಾರತವನ್ನಷ್ಟೇ ಪಟ್ಟಿಯಲ್ಲಿ ಸೇರಿಸಿರಬಹುದು. ವಿಪಿಎನ್ ಹಾಕಿ ದೇಶ ಮರೆಮಾಚುವುದು ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಖಾತೆಯ ದೇಶ, ಹಣ ಕಟ್ಟಿದ ಕಾರ್ಡಿನ ದೇಶ ಇವನ್ನೂ ಆ್ಯಪ್ ನೋಡುತ್ತದೆ, ಜೊತೆಗೆ ಅದು ಅವರ ಷರತ್ತುಗಳಿಗೆ ವಿರುದ್ಧ.

ಇನ್ನು ಆ ಮೂರನೆಯ ಫಾರ್ವರ್ಡ್. "ಎಲ್ಲಾ ಹಾಡು ಓಪನ್" ಎನ್ನುವ ಆ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಇರುವುದಿಲ್ಲ, ಲಿಂಕ್ ಒತ್ತಿ ಎಪಿಕೆ ಫೈಲ್ ಹಾಕಿಕೊಳ್ಳಬೇಕು. ಅಸಲಿ ಆ್ಯಪನ್ನು ಯಾರೋ ಬಿಚ್ಚಿ, ಬದಲಿಸಿ, ಮತ್ತೆ ಕಟ್ಟಿದ ಪ್ರತಿ ಅದು. ಅದರಲ್ಲಿ ಇನ್ನೇನು ಸೇರಿಸಿದ್ದಾರೆ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಮತ್ತು ನೀವು ಹಾಕುವ ಪಾಸ್‌ವರ್ಡ್ ಹೋಗುವುದು ಅದರ ಮೂಲಕ. ಯುಪಿಐ ಇರುವ ಫೋನಿನಲ್ಲಿ ಆರು ಹಾಡಿಗೋಸ್ಕರ ಇಂಥದ್ದನ್ನು ಹಾಕಿಕೊಳ್ಳಬೇಡಿ. ಚಂದಾ ಇಲ್ಲದೆ ಪ್ರೀಮಿಯಂ ಸೌಲಭ್ಯ ಕೊಡುತ್ತೇವೆ ಎನ್ನುವ ಇಂಥ ಪ್ರತಿ, ನಿಮ್ಮ ದೇಶಕ್ಕೆ ಅನುಮತಿಯೇ ಇಲ್ಲದ ಹಾಡನ್ನು ಸರ್ವರ್‌ನಿಂದ ತರಿಸಿಕೊಡುತ್ತದೆ ಎಂದು ನಂಬಲೂ ಕಾರಣವಿಲ್ಲ.

ಮಸುಕಾದ ಹಾಡು ಕಂಡಾಗ ನಾವು ಮೊದಲು ಮಾಡುವುದು ಇಷ್ಟು. ಆಫ್‌ಲೈನ್ ಮೋಡ್ ಆನ್ ಆಗಿದೆಯೇ, ಮಕ್ಕಳಿಗೆಂದು ಅಶ್ಲೀಲ ಪದಗಳಿರುವ ಹಾಡುಗಳನ್ನು ತಡೆಯುವ ಸೆಟ್ಟಿಂಗ್ ಹಾಕಿದ್ದೇವೆಯೇ ಎಂದು ನೋಡುತ್ತೇವೆ, ಏಕೆಂದರೆ ಇವೆರಡರಿಂದಲೂ ಹಾಡು ಮಸುಕಾಗುತ್ತದೆ. ಅವೆರಡೂ ಅಲ್ಲದಿದ್ದರೆ ಹಾಡಿನ ಹೆಸರನ್ನು ಹೊಸದಾಗಿ ಹುಡುಕುತ್ತೇವೆ. ಒಂದೇ ಹಾಡು ಸಿನಿಮಾದ ಆಲ್ಬಮ್‌ನಲ್ಲಿ, ಗಾಯಕರ ಹಿಟ್ಸ್ ಸಂಗ್ರಹದಲ್ಲಿ, ಮರುಬಿಡುಗಡೆಯಲ್ಲಿ ಬೇರೆ ಬೇರೆ ನಮೂದಾಗಿ ಇರಬಹುದು, ಮತ್ತು ಪ್ರತಿ ನಮೂದಿಗೂ ದೇಶಗಳ ಪಟ್ಟಿ ಬೇರೆ. ಸ್ಪಾಟಿಫೈ ಎಷ್ಟೋ ಸಲ ತಾನೇ ಹುಡುಕಿ ಸಿಗುವ ಪ್ರತಿಯನ್ನು ಜೋಡಿಸುತ್ತದೆ, ಆದರೆ ಪ್ರತಿ ಸಲವೂ ಅಲ್ಲ. ಅಕ್ಕ ಕಳಿಸಿದ್ದು ಹಿಟ್ಸ್ ಸಂಗ್ರಹದಲ್ಲಿರುವ ಹಾಡಿನ ಲಿಂಕ್ ಆಗಿದ್ದರೆ, ಸಿನಿಮಾದ ಆಲ್ಬಮ್‌ನಲ್ಲಿರುವ ಅದೇ ಹಾಡು ಇಲ್ಲಿ ಸಲೀಸಾಗಿ ಹಾಡಬಹುದು. ಅದೂ ಸಿಗದಿದ್ದರೆ ಇನ್ನೊಂದು ಆ್ಯಪ್‌ನಲ್ಲೋ ಯೂಟ್ಯೂಬ್‌ನಲ್ಲಿ ಆಡಿಯೋ ಕಂಪನಿಯದೇ ಚಾನೆಲ್‌ನಲ್ಲೋ ನೋಡಿ. ಅಲ್ಲಿ ಹಾಡುತ್ತಿದೆ ಎಂದರೆ ನಿಮ್ಮ ಆ್ಯಪ್‌ಗೂ ಆ ಕಂಪನಿಗೂ ಮಾತುಕತೆ ಇನ್ನೂ ಮುಗಿದಿಲ್ಲ. ಮಸುಕಾದ ಹಾಡನ್ನು ಪ್ಲೇಲಿಸ್ಟ್‌ನಿಂದ ತೆಗೆಯದೆ ಹಾಗೇ ಬಿಟ್ಟಿರಿ: ಒಪ್ಪಂದವಾಗಿ ಅದೇ ನಮೂದು ಮರಳಿದರೆ ಅದು ತಾನಾಗಿಯೇ ಮತ್ತೆ ಹಾಡುತ್ತದೆ.